ಇಂಟೆಲ್‌ನ ಗಳಿಕೆ ಎಲ್ಲಿ ಕರಗಿತು?

2020ರಲ್ಲಿ ಇಂಟೆಲ್ ಕಂಪನಿ ತನ್ನ ಷೇರುದಾರರ ಪ್ರತಿ ನೂರು ಡಾಲರ್ ಬಂಡವಾಳದ ಮೇಲೆ ಸುಮಾರು 26 ಡಾಲರ್ ಗಳಿಸಿತ್ತು. ಮೂರು ವರ್ಷ ಕಳೆದು 2023 ಬರುವಷ್ಟರಲ್ಲಿ ಅದೇ ನೂರು ಡಾಲರ್ ತಂದುಕೊಟ್ಟದ್ದು ಒಂದು ಡಾಲರ್ 60 ಸೆಂಟ್ ಮಾತ್ರ. ಬೆಂಗಳೂರಿನಲ್ಲೂ ದೊಡ್ಡ ವಿನ್ಯಾಸ ಕೇಂದ್ರ ಇಟ್ಟುಕೊಂಡಿರುವ, ದಶಕಗಳ ಕಾಲ ಕಂಪ್ಯೂಟರ್ ಚಿಪ್ ಲೋಕವನ್ನು ಆಳಿದ ಕಂಪನಿಯ ಕುಸಿತ ಇದು. ಪೈಪೋಟಿ ಹೆಚ್ಚಿತು, ಎಎಂಡಿ ಮುಂದೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ, ಆದರೆ ಅರ್ಧ ಕಥೆ. ಉಳಿದರ್ಧ ಕಾಣಬೇಕಾದರೆ ಆ 26 ಮತ್ತು 1.6ನ್ನು ಬಿಡಿಸಿ ನೋಡಬೇಕು.

ಬಿಡಿಸುವ ವಿಧಾನಕ್ಕೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. 1910ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್, ಹೂಡಿದ ಹಣದ ಮೇಲಿನ ಗಳಿಕೆಯನ್ನು ಎರಡು ಭಾಗ ಮಾಡಿ ತೋರಿಸಿದರು. ನೂರು ರೂಪಾಯಿ ಮಾರಾಟದಲ್ಲಿ ಕೊನೆಗೆ ಎಷ್ಟು ಲಾಭ ಉಳಿಯಿತು ಎಂಬುದು ಒಂದು, ಅದು ಮಾರ್ಜಿನ್. ಕಂಪನಿಯ ಒಟ್ಟು ಆಸ್ತಿ ವರ್ಷದಲ್ಲಿ ತನ್ನ ಬೆಲೆಯ ಎಷ್ಟು ಪಟ್ಟು ಮಾರಾಟ ತಂದಿತು ಎಂಬುದು ಇನ್ನೊಂದು, ಅದು ವಹಿವಾಟು. ಒಡವೆ ಅಂಗಡಿಯವರು ಒಂದೊಂದು ಮಾರಾಟದಲ್ಲೂ ಹೆಚ್ಚು ಉಳಿಸುತ್ತಾರೆ, ಆದರೆ ಸರಕು ತಿಂಗಳುಗಟ್ಟಲೆ ಕಪಾಟಿನಲ್ಲಿರುತ್ತದೆ. ತರಕಾರಿಯವರಿಗೆ ಉಳಿಯುವುದು ಪುಡಿಗಾಸು, ಆದರೆ ಹಾಕಿದ ದುಡ್ಡು ದಿನಕ್ಕೊಮ್ಮೆ ಕೈಗೆ ಮರಳುತ್ತದೆ. ಇವೆರಡರ ಜೊತೆಗೆ ಮೂರನೆಯದಾಗಿ ಲೆವರೇಜ್ ಆಮೇಲೆ ಸೇರಿತು: ಒಟ್ಟು ಆಸ್ತಿ ಷೇರುದಾರರ ಬಂಡವಾಳದ ಎಷ್ಟು ಪಟ್ಟಿದೆ, ಅಂದರೆ ಪರರ ಹಣದ ಆಸರೆ ಎಷ್ಟಿದೆ ಎಂಬ ಲೆಕ್ಕ. ಮೂರನ್ನೂ ಗುಣಿಸಿದರೆ ಷೇರುದಾರರ ಬಂಡವಾಳದ ಮೇಲಿನ ಗಳಿಕೆ, ಅಂದರೆ ಆರ್‌ಒಇ ಸಿಗುತ್ತದೆ.

ಈಗ ಇಂಟೆಲ್‌ನ ವಾರ್ಷಿಕ ವರದಿ ತೆರೆಯೋಣ. 2020ರಲ್ಲಿ ಮಾರಾಟ 7,790 ಕೋಟಿ ಡಾಲರ್, ನಿವ್ವಳ ಲಾಭ 2,090 ಕೋಟಿ. ವರ್ಷದ ಕೊನೆಗೆ ಒಟ್ಟು ಆಸ್ತಿ 15,310 ಕೋಟಿ, ಅದರಲ್ಲಿ ಷೇರುದಾರರ ಪಾಲು 8,100 ಕೋಟಿ. ಭಾಗಿಸಿದರೆ ಮಾರ್ಜಿನ್ ಶೇ. 26.8, ವಹಿವಾಟು 0.51, ಲೆವರೇಜ್ 1.89. 2023ರಲ್ಲಿ ಮಾರಾಟ 5,420 ಕೋಟಿ, ಲಾಭ ಕೇವಲ 169 ಕೋಟಿ, ಆಸ್ತಿ 19,160 ಕೋಟಿ, ಷೇರುದಾರರ ಪಾಲು 10,560 ಕೋಟಿ. ಮಾರ್ಜಿನ್ ಶೇ. 3.1ಕ್ಕೆ ಇಳಿದಿದೆ, ವಹಿವಾಟು 0.28ಕ್ಕೆ ಬಂದಿದೆ, ಲೆವರೇಜ್ 1.81ರಲ್ಲಿ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ.

ಯಾವುದರ ಪೆಟ್ಟು ಎಷ್ಟು ಎಂದು ತಿಳಿಯಲು ಒಂದೊಂದನ್ನೇ ಬದಲಿಸಿ ನೋಡಬಹುದು. ಮಾರ್ಜಿನ್ ಮಾತ್ರ ಬಿದ್ದು ಉಳಿದೆರಡು 2020ರಂತೆಯೇ ಇದ್ದಿದ್ದರೆ ಆರ್‌ಒಇ ಶೇ. 3 ಆಗುತ್ತಿತ್ತು. ವಹಿವಾಟು ಮಾತ್ರ ಬಿದ್ದಿದ್ದರೆ ಶೇ. 14 ಉಳಿಯುತ್ತಿತ್ತು. ಮಾರ್ಜಿನ್‌ನ ಕುಸಿತವೇ ಮುಖ್ಯ, ಅದರಲ್ಲಿ ಅನುಮಾನವಿಲ್ಲ. ಆದರೆ ವಹಿವಾಟು ಒಂದರಿಂದಲೇ ಗಳಿಕೆ ಅರ್ಧದ ಹತ್ತಿರಕ್ಕೆ ಇಳಿಯುತ್ತಿತ್ತು ಎಂಬುದು ಸಣ್ಣ ಮಾತಲ್ಲ, ಮತ್ತು ಇಂಟೆಲ್ ಬಗೆಗಿನ ಚರ್ಚೆಗಳಲ್ಲಿ ಸಾಕಷ್ಟು ಗಮನ ಸಿಗದೆ ಹೋದದ್ದು ಇದಕ್ಕೇ ಎಂದು ನನಗನ್ನಿಸುತ್ತದೆ.

ವಹಿವಾಟು ಏಕೆ ಬಿತ್ತು? ಮೇಲಿನ ಅಂಕಿ ಇಳಿಯಿತು, ಕೆಳಗಿನದು ಏರಿತು. ಮಾರಾಟ ಶೇ. 30ರಷ್ಟು ಕುಗ್ಗಿತು. ಕೋವಿಡ್ ಕಾಲದ ಕಂಪ್ಯೂಟರ್ ಖರೀದಿಯ ಭರಾಟೆ ಇಳಿದದ್ದು, ಎಎಂಡಿ ಪಾಲು ಕಿತ್ತುಕೊಂಡದ್ದು, ಆಪಲ್ ತನ್ನದೇ ಚಿಪ್ ಮಾಡಿಕೊಂಡದ್ದು ಇದಕ್ಕೆ ಕಾರಣ. ನ್ಯಾಂಡ್ ಮೆಮೊರಿ ವಿಭಾಗವನ್ನು ಎಸ್‌ಕೆ ಹೈನಿಕ್ಸ್‌ಗೆ ಮಾರಿದ್ದರಿಂದಲೂ ಒಂದಷ್ಟು ಮಾರಾಟ ಲೆಕ್ಕದಿಂದ ಹೊರಹೋಯಿತು. ಇದೇ ಹೊತ್ತಿಗೆ ಆಸ್ತಿ ಶೇ. 25ರಷ್ಟು ಬೆಳೆಯಿತು. 2021ರ ಫೆಬ್ರುವರಿಯಲ್ಲಿ ಮುಖ್ಯಸ್ಥರಾಗಿ ಬಂದ ಪ್ಯಾಟ್ ಗೆಲ್ಸಿಂಗರ್, ಬೇರೆ ಕಂಪನಿಗಳ ಚಿಪ್‌ಗಳನ್ನೂ ತಯಾರಿಸಿಕೊಡುವ ಗುರಿಯಿಟ್ಟು ಅರಿಜೋನಾ, ಒಹಾಯೊಗಳಲ್ಲಿ ಹೊಸ ಕಾರ್ಖಾನೆಗಳನ್ನು ಕೈಗೆತ್ತಿಕೊಂಡರು. ಕಟ್ಟಡ ಮತ್ತು ಯಂತ್ರಗಳ ಬೆಲೆ ಸವಕಳಿ ಕಳೆದ ಮೇಲೂ 2020ರ ಸುಮಾರು 5,660 ಕೋಟಿಯಿಂದ 2023ಕ್ಕೆ 9,660 ಕೋಟಿ ಡಾಲರ್‌ಗೆ ಏರಿತು. ಕಟ್ಟುತ್ತಿರುವ ಕಾರ್ಖಾನೆ ಆಸ್ತಿಯ ಪಟ್ಟಿಯಲ್ಲಿ ಇರುತ್ತದೆ, ಮಾರಾಟಕ್ಕೆ ಒಂದು ಡಾಲರನ್ನೂ ಸೇರಿಸುವುದಿಲ್ಲ. ಹಾಗಾಗಿ ವಹಿವಾಟು ಇಳಿದ ಮಾತ್ರಕ್ಕೆ ಕಂಪನಿ ಕೆಟ್ಟಿತು ಎನ್ನಲಾಗದು. ನಾಳೆಯ ಗಿರಾಕಿಗಾಗಿ ಇಂದು ಹೂಡಿದ್ದೂ ಅದೇ ರೀತಿ ಕಾಣುತ್ತದೆ. ಗಿರಾಕಿ ಬರುತ್ತಾನೋ ಇಲ್ಲವೋ ಎಂಬುದನ್ನು ಈ ಅಂಕಿ ಹೇಳಲಾರದು.

ಮಾರ್ಜಿನ್ ಮತ್ತು ವಹಿವಾಟು ಒಂದಕ್ಕೊಂದು ಸಂಬಂಧವಿಲ್ಲದವೂ ಅಲ್ಲ. ಚಿಪ್ ಕಾರ್ಖಾನೆಯ ಖರ್ಚಿನಲ್ಲಿ ಹೆಚ್ಚಿನದು ಉತ್ಪಾದನೆ ನಿಂತರೂ ನಿಲ್ಲದ ಖರ್ಚು. ಮಾರಾಟ ಇಳಿದಾಗ ಆ ಹೊರೆ ಉಳಿದ ಕೆಲವೇ ಚಿಪ್‌ಗಳ ಮೇಲೆ ಬೀಳುತ್ತದೆ. ಕಚ್ಚಾ ಸಾಮಗ್ರಿ, ಕೂಲಿ, ಸವಕಳಿ ಮುಂತಾದ ಉತ್ಪಾದನಾ ವೆಚ್ಚ ಕಳೆದು ಉಳಿಯುವ ಒಟ್ಟು ಮಾರ್ಜಿನ್ ಶೇ. 56ರಿಂದ 40ಕ್ಕೆ ಇಳಿದದ್ದರಲ್ಲಿ ಇದರ ಪಾಲೂ ಇದೆ.

2023ರ ಆ ಶೇ. 3.1ನ್ನೂ ಹಾಗೇ ನಂಬುವಂತಿಲ್ಲ. ಆ ವರ್ಷ ವ್ಯಾಪಾರದಿಂದ, ಅಂದರೆ ಬಡ್ಡಿ ಮತ್ತು ತೆರಿಗೆಯ ಲೆಕ್ಕಕ್ಕೆ ಮೊದಲು, ಇಂಟೆಲ್ ಗಳಿಸಿದ್ದು ಬರೀ 9 ಕೋಟಿ ಡಾಲರ್. 2020ರಲ್ಲಿ ಅದು 2,370 ಕೋಟಿ ಇತ್ತು. ಉಳಿದ ಲಾಭ ಬಂದದ್ದು ಬಡ್ಡಿ ಮತ್ತಿತರ ಆದಾಯದಿಂದ, ಮತ್ತು ತೆರಿಗೆ ಲೆಕ್ಕದಲ್ಲಿ ತನಗೇ ಜಮೆಯಾದ ಸುಮಾರು 91 ಕೋಟಿಯಿಂದ. ಇನ್ನೂ ಒಂದಿದೆ. 2023ರ ಜನವರಿಯಿಂದ ಕೆಲವು ಯಂತ್ರಗಳ ಬಾಳಿಕೆಯನ್ನು 5 ವರ್ಷದ ಬದಲು 8 ವರ್ಷವೆಂದು ಇಂಟೆಲ್ ಲೆಕ್ಕ ಹಾಕತೊಡಗಿತು. ಇದರಿಂದ ಆ ವರ್ಷದ ಸವಕಳಿ ಸುಮಾರು 420 ಕೋಟಿ ಡಾಲರ್ ಕಡಿಮೆಯಾಗುತ್ತದೆ ಎಂದು ಕಂಪನಿಯೇ ಅಂದಾಜಿಸಿತ್ತು. ಇದರಲ್ಲಿ ಮುಚ್ಚುಮರೆಯಿಲ್ಲ, ವರದಿಯಲ್ಲಿ ಬರೆದೇ ಇದೆ. ಈ ಮೊತ್ತದ ಒಂದು ಭಾಗ ದಾಸ್ತಾನಿನ ಬೆಲೆಯಲ್ಲಿ ಉಳಿದರೂ, ಹಳೆಯ ಲೆಕ್ಕದಲ್ಲೇ ಮುಂದುವರಿದಿದ್ದರೆ ಆ 9 ಕೋಟಿಯ ಜಾಗದಲ್ಲಿ ದೊಡ್ಡ ನಷ್ಟವೇ ಕಾಣುತ್ತಿತ್ತು.

ಅಲುಗಾಡದ ಲೆವರೇಜ್‌ನಲ್ಲೂ ಒಂದು ಸಂಗತಿಯಿದೆ. 2020ರಲ್ಲಿ ಇಂಟೆಲ್ ಸುಮಾರು 1,420 ಕೋಟಿ ಡಾಲರ್ ಕೊಟ್ಟು ತನ್ನದೇ ಷೇರುಗಳನ್ನು ಮರಳಿ ಕೊಂಡಿತ್ತು. ಹಾಗೆ ಕೊಂಡಾಗ ಷೇರುದಾರರ ಬಂಡವಾಳ ಕಿರಿದಾಗುತ್ತದೆ, ಭಾಗಿಸುವ ಅಂಕಿ ಚಿಕ್ಕದಾಗಿ ಆರ್‌ಒಇ ಏರಿದಂತೆ ಕಾಣುತ್ತದೆ. ಒಂದು ಚಿಪ್ಪೂ ಹೆಚ್ಚಿಗೆ ಮಾರಾಟವಾಗಿರುವುದಿಲ್ಲ. 2021ರ ಮೊದಲ ತ್ರೈಮಾಸಿಕದ ನಂತರ ಕಂಪನಿ ಅದನ್ನು ನಿಲ್ಲಿಸಿತು. ಅಂದರೆ 2020ರ ಆ ಶೇ. 26ರಲ್ಲೂ ಷೇರು ಮರುಖರೀದಿಯ ನೆರವಿತ್ತು. ಆರ್‌ಒಇ ಚೆನ್ನಾಗಿರುವ ಕಂಪನಿಯನ್ನು ನೋಡುವಾಗ ಮೊದಲು ನೋಡಬೇಕಾದದ್ದು ಲೆವರೇಜನ್ನೇ ಎನ್ನುವುದು ಇದಕ್ಕಾಗಿ. ಮಾರ್ಜಿನ್, ವಹಿವಾಟು ಎರಡೂ ಇಳಿಯುತ್ತಿದ್ದು ಅದೊಂದೇ ಏರುತ್ತಿದ್ದರೆ, ಕುಸಿತ ಆಗಲೇ ಶುರುವಾಗಿದೆ, ಇನ್ನೂ ಹೊರಗೆ ಕಂಡಿಲ್ಲ ಅಷ್ಟೇ.

ಇಲ್ಲಿನ ಲೆಕ್ಕಗಳಲ್ಲಿ ವರ್ಷದ ಕೊನೆಯ ಆಸ್ತಿ, ಬಂಡವಾಳಗಳನ್ನು ಹಿಡಿದಿದ್ದೇನೆ. ವರ್ಷದ ಆರಂಭ ಮತ್ತು ಕೊನೆಯ ಸರಾಸರಿ ಹಿಡಿಯುವವರಿಗೆ ಅಂಕಿಗಳು ಸ್ವಲ್ಪ ಬೇರೆ ಬರುತ್ತವೆ, ದಿಕ್ಕು ಬದಲಾಗುವುದಿಲ್ಲ. ಯಾವ ಕಂಪನಿಯನ್ನು ನೋಡಿದರೂ ಒಂದು ವರ್ಷದ ಲೆಕ್ಕಕ್ಕೆ ನಿಲ್ಲಬೇಡಿ. ಐದಾರು ವರ್ಷಗಳ ಮೂರೂ ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳಿ.

2024ರಲ್ಲಿ ಇಂಟೆಲ್‌ನ ಮಾರಾಟ 5,310 ಕೋಟಿ ಡಾಲರ್‌ನಲ್ಲಿ ನಿಂತಿತು, ನಷ್ಟ 1,880 ಕೋಟಿಗೆ ಮುಟ್ಟಿತು. 1992ರಿಂದ ತಪ್ಪದೆ ಕೊಡುತ್ತಿದ್ದ ಡಿವಿಡೆಂಡನ್ನು ಕಂಪನಿ ಆ ವರ್ಷದ ಕೊನೆಯ ತ್ರೈಮಾಸಿಕದಿಂದ ನಿಲ್ಲಿಸಿತು.