‘ಮಳೆ’ ಎಂದಷ್ಟೇ ಬರೆದರೆ ಸಾಲದು

ಉಡುಪಿ ಕಡೆಯ ಒಂದು ಹಳ್ಳಿ. ಅಲ್ಲಿನ ಸರ್ಕಾರಿ ಶಾಲೆಗೆ ನಾಲ್ಕು ಹೊಸ ಕೊಠಡಿ ಕಟ್ಟಿಸುತ್ತಿದ್ದಾರೆ ಎಂದುಕೊಳ್ಳಿ. ಜನವರಿಯಲ್ಲಿ ಪಾಯ ತೆಗೆದಾಗಿದೆ, ಮೇ 12ಕ್ಕೆ ಸ್ಲ್ಯಾಬ್ ಹಾಕಬೇಕು. ಅಲ್ಲಿಯತನಕ ಮಕ್ಕಳಿಗೆ ಪಾಠ ಒಂದು ಸಭಾಭವನದಲ್ಲಿ, ತಿಂಗಳಿಗೆ 15,000 ರೂಪಾಯಿ ಬಾಡಿಗೆ. ಈ ಕೆಲಸಕ್ಕೊಂದು ರಿಸ್ಕ್ ರಿಜಿಸ್ಟರ್ ಇದೆ. ಏನೇನು ಕೈಕೊಡಬಹುದು, ಕೊಟ್ಟರೆ ಏನಾಗುತ್ತದೆ, ಯಾರು ಏನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡುವ ಪುಸ್ತಕ ಅದು. ಅದರ ಮೊದಲ ಸಾಲನ್ನು ನೋಡಿ:

‘ಅಪಾಯ: ಮಳೆ. ಪರಿಣಾಮ: ವಿಳಂಬ. ಹೊಣೆ: ಕಟ್ಟಡ ಸಮಿತಿ. ಕ್ರಮ: ನಿಗಾ ವಹಿಸುವುದು.’

ನಾಲ್ಕು ಕಾಲಮ್ಮೂ ತುಂಬಿವೆ. ಆದರೆ ಇದನ್ನು ಓದಿದ ಯಾರೊಬ್ಬರೂ ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸ ಇದರಲ್ಲಿಲ್ಲ. ದೊಡ್ಡ ದೊಡ್ಡ ಯೋಜನೆಗಳ ರಿಜಿಸ್ಟರುಗಳಲ್ಲೂ ಇಂಥ ಸಾಲುಗಳು ಬೇಕಾದಷ್ಟು ಸಿಗುತ್ತವೆ.

ಮೊದಲ ತೊಡಕು ‘ಮಳೆ’ಯಲ್ಲೇ ಇದೆ. ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ ಬರುತ್ತದೆ. ಅದು ಬಂದೇ ಬರುವಂಥದ್ದು, ಎಲ್ಲರಿಗೂ ಗೊತ್ತಿರುವ ಸಂಗತಿ. ಬಂದೇ ಬರುವುದನ್ನು ಅಪಾಯ ಎನ್ನಲಾಗದು; ಅದು ನಮ್ಮ ಲೆಕ್ಕಾಚಾರದ ಭಾಗ. ‘ವಿಳಂಬ’ವೂ ಅಪಾಯವಲ್ಲ, ಅದು ಕೊನೆಗೆ ನಮ್ಮ ಕೈಗೆ ಬರುವ ಫಲ. ಇವೆರಡರ ನಡುವೆ ಆಗಲೂಬಹುದು, ಆಗದೆಯೂ ಇರಬಹುದು ಎನ್ನುವ ಒಂದು ಘಟನೆ ಇರಬೇಕು. ಅದೇ ಅಪಾಯ. ಈ ಕ್ಷೇತ್ರದಲ್ಲಿ ಹೆಸರಾದ ಬ್ರಿಟನ್ನಿನ ಡೇವಿಡ್ ಹಿಲ್ಸನ್ ಪ್ರತಿ ಅಪಾಯವನ್ನೂ ಮೂರು ತುಂಡುಗಳ ಒಂದೇ ವಾಕ್ಯವಾಗಿ ಬರೆಯಬೇಕೆನ್ನುತ್ತಾರೆ: ಈಗ ಖಚಿತವಾಗಿ ಇರುವ ಕಾರಣ, ಅದರಿಂದ ಆಗಬಹುದಾದ ಘಟನೆ, ಅದು ನಮ್ಮ ಗುರಿಗೆ ತರುವ ಪೆಟ್ಟು.

ನಮ್ಮ ಶಾಲೆಗೆ ಬರೋಣ. ಸ್ಲ್ಯಾಬ್ ಮೇ 12ಕ್ಕೆ, ಮುಂಗಾರು ಜೂನ್ 5ರ ಸುಮಾರಿಗೆ ಎಂದರೆ ನಡುವೆ 24 ದಿನಗಳ ಬಿಡುವಿದೆ. ಹಾಗಿದ್ದರೆ ಕೇಳಬೇಕಾದದ್ದು ಮಳೆ ಬರುತ್ತದೆಯೇ ಎಂದಲ್ಲ, ಆ 24 ದಿನಗಳನ್ನು ತಿಂದುಹಾಕುವಂಥದ್ದು ಏನಿದೆ ಎಂದು. ಗುತ್ತಿಗೆದಾರರನ್ನು ಕೂರಿಸಿಕೊಂಡು ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಪಾಯದ ಬಿಲ್ಲಿನ ಹಣ ಬಂದರಷ್ಟೇ ಅವರು ಸ್ಲ್ಯಾಬಿಗೆ ಕಬ್ಬಿಣ ತರಿಸುವುದು. ಎಂಜಿನಿಯರ್ ಅಳತೆ ತೆಗೆದು ಎಂ.ಬಿ. ಪುಸ್ತಕದಲ್ಲಿ ದಾಖಲಿಸದೆ ಬಿಲ್ಲು ಕದಲುವುದಿಲ್ಲ. ಮಾರ್ಚ್ 31ಕ್ಕೆ ಸರ್ಕಾರದ ಹಣಕಾಸು ವರ್ಷ ಮುಗಿಯುತ್ತದೆ. ಆ ದಿನ ದಾಟಿದರೆ ಬಿಲ್ಲು ಹೊಸ ವರ್ಷದ ಅನುದಾನಕ್ಕೆ ಕಾಯಬೇಕಾಗಬಹುದು. ಈಗ ವಾಕ್ಯ ಹೀಗಾಗುತ್ತದೆ:

‘ಪಾಯದ ಕೆಲಸದ ಅಳತೆ ಇನ್ನೂ ಎಂ.ಬಿ.ಯಲ್ಲಿ ದಾಖಲಾಗಿಲ್ಲ. ಆದ್ದರಿಂದ ಬಿಲ್ಲು ಮಾರ್ಚ್ 31ರೊಳಗೆ ಪಾಸಾಗದೆ, ಕಬ್ಬಿಣ ಮೂರು ವಾರ ಅಥವಾ ಅದಕ್ಕೂ ಹೆಚ್ಚು ತಡವಾಗಿ ಬರಬಹುದು. ಹಾಗಾದರೆ ಸ್ಲ್ಯಾಬ್ ಜೂನಿಗೆ ಜಾರಿ, ಸೆಪ್ಟೆಂಬರ್ ಕೊನೆಯವರೆಗೆ ನಿಲ್ಲುತ್ತದೆ. ಸಭಾಭವನಕ್ಕೆ ನಾಲ್ಕು ತಿಂಗಳ ಬಾಡಿಗೆ 60,000 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ.’

ಮಳೆ ಎಂದು ಶುರುವಾದದ್ದು ಒಂದು ಅಳತೆ ಪುಸ್ತಕಕ್ಕೆ ಬಂದು ನಿಂತಿತು. ಮಳೆಯನ್ನು ಯಾರೂ ತಡೆಯಲಾರರು, ಅಳತೆಯನ್ನು ಮಾತ್ರ ಬೇಗ ಬರೆಯಬಹುದು. ಕಾರಣವನ್ನು ಇಷ್ಟು ಕೆಳಗಿನವರೆಗೆ ಬೆನ್ನಟ್ಟುವುದು ಇದಕ್ಕಾಗಿಯೇ.

ಇಲ್ಲಿ ಇನ್ನೊಂದು ಕಾರಣವೂ ಸಿಗುತ್ತದೆ. ಕರಾವಳಿಯಲ್ಲಿ ಕಬ್ಬಿಣ ಕಟ್ಟುವ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರು ಬಹಳ. ಊರಲ್ಲಿ ಮಳೆ ಬಿತ್ತು ಎಂದು ಫೋನ್ ಬಂದರೆ ಅವರಲ್ಲಿ ಹಲವರು ಬಿತ್ತನೆಗೆಂದು ಹೊರಡುತ್ತಾರೆ. ಇದರಿಂದಲೂ ಸ್ಲ್ಯಾಬ್ ಜೂನಿಗೆ ಜಾರಬಹುದು, ಪೆಟ್ಟೂ ಅದೇ 60,000 ರೂಪಾಯಿ. ಫಲ ಒಂದೇ ಎಂದು ಎರಡನ್ನೂ ಒಂದೇ ಸಾಲಿಗೆ ತುರುಕುವವರಿದ್ದಾರೆ. ಹಾಗೆ ಮಾಡಬಾರದು. ಬಿಲ್ಲಿನ ಮದ್ದು ಸರ್ಕಾರಿ ಕಚೇರಿಯಲ್ಲಿದೆ. ಕೆಲಸಗಾರರ ಮದ್ದು ಗುತ್ತಿಗೆದಾರರ ಕೈಯಲ್ಲಿದೆ, ಸ್ಥಳೀಯ ತಂಡವೊಂದರ ಜೊತೆ ಏಪ್ರಿಲ್‌ನಲ್ಲೇ ಮಾತಾಡಿಟ್ಟುಕೊಳ್ಳುವುದರಲ್ಲಿದೆ. ಕಾರಣ ಬೇರೆಯಾದರೆ ಸಾಲೂ ಬೇರೆಯಾಗಬೇಕು.

ಹೊಣೆಯ ಕಾಲಮ್ಮಿನಲ್ಲಿ ‘ಸಮಿತಿ’, ‘ತಂಡ’, ‘ಸಂಬಂಧಪಟ್ಟವರು’ ಎಂದು ಬರೆದಿದ್ದರೆ ಅಲ್ಲಿ ಯಾರೂ ಇಲ್ಲವೆಂದೇ ಅರ್ಥ. ಒಬ್ಬರ ಹೆಸರು ಬೇಕು, ಮತ್ತು ಆ ಕಾರಣದ ಮೇಲೆ ಅವರಿಗೆ ಹಿಡಿತವಿರಬೇಕು. ಬಿಲ್ಲಿನ ಸಾಲಿಗೆ ಮುಖ್ಯೋಪಾಧ್ಯಾಯರ ಹೆಸರು ಹಾಕಿದರೆ ಅವರು ಚಿಂತೆ ಮಾಡಿಯಾರು, ಎಂ.ಬಿ. ಬರೆಯಲಾರರು. ಆ ಹೆಸರು ಕೆಲಸದ ಉಸ್ತುವಾರಿ ಹೊತ್ತ ಎಂಜಿನಿಯರದ್ದೇ ಆಗಬೇಕು. ಬ್ರಿಟನ್ನಿನಲ್ಲಿ ರೂಪುಗೊಂಡ ಪ್ರಿನ್ಸ್‌2 ಎಂಬ ಯೋಜನಾ ಪದ್ಧತಿಯಲ್ಲಿ ಅಪಾಯದ ಹೊಣೆ ಹೊತ್ತವರು ಬೇರೆ, ಅದಕ್ಕಾಗಿ ಕೆಲಸ ಮಾಡುವವರು ಬೇರೆ ಇರಬಹುದು. ಇಲ್ಲೂ ಅಳತೆಗೆ ಬನ್ನಿ ಎಂದು ಬರೆದು ಕೊಡುವವರು ಗುತ್ತಿಗೆದಾರರು. ಬಿಲ್ಲು ಎಲ್ಲಿದೆ ಎಂದು ಸಭೆಯಲ್ಲಿ ಉತ್ತರಿಸಬೇಕಾದವರು ಎಂಜಿನಿಯರ್.

‘ನಿಗಾ ವಹಿಸುವುದು’, ‘ಸಮನ್ವಯ ಸಾಧಿಸುವುದು’, ‘ಅಗತ್ಯ ಕ್ರಮ ಕೈಗೊಳ್ಳುವುದು’. ಈ ಮೂರನ್ನು ಕ್ರಮದ ಕಾಲಮ್ಮಿನಿಂದ ಹೊಡೆದುಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಪಾಯ ಒದಗುವ ಸಾಧ್ಯತೆಯನ್ನೋ ಒದಗಿದಾಗಿನ ಪೆಟ್ಟನ್ನೋ ಕಡಿಮೆ ಮಾಡದಿದ್ದರೆ ಅದು ಕ್ರಮವೇ ಅಲ್ಲ. ಬದಲಿಗೆ ಹೀಗೆ ಬರೆಯಬಹುದು: ‘ಮಾರ್ಚ್ 8ರೊಳಗೆ ಅಳತೆ ದಾಖಲಿಸಿ, 12ರೊಳಗೆ ಬಿಲ್ಲು ಸಲ್ಲಿಸುವುದು. ಏಪ್ರಿಲ್ 10ರ ವೇಳೆಗೂ ಹಣ ಬರದಿದ್ದರೆ ಗುತ್ತಿಗೆದಾರರು ಕಬ್ಬಿಣವನ್ನು ಅಂಗಡಿಯಿಂದ ಸಾಲವಾಗಿ ತರಿಸುವುದು. ಇದಕ್ಕೆ ಅಂಗಡಿಯವರ ಒಪ್ಪಿಗೆಯನ್ನು ಮಾರ್ಚ್‌ನಲ್ಲೇ ಪಡೆಯುವುದು.’ ಮೊದಲ ಭಾಗ ಸಾಧ್ಯತೆಯನ್ನು ತಗ್ಗಿಸುತ್ತದೆ. ಎರಡನೆಯದು ಬಿಲ್ಲು ತಪ್ಪಿದರೂ ಸ್ಲ್ಯಾಬನ್ನು ಉಳಿಸುತ್ತದೆ. ಏಪ್ರಿಲ್ 10 ಎಂಬ ದಿನ ಬರೆದಿಟ್ಟದ್ದರಿಂದ ‘ಇನ್ನೆರಡು ದಿನ ನೋಡೋಣ’ ಎಂಬ ಮಾತಿಗೆ ಎಡೆಯಿಲ್ಲ.

ಒಂದು ಕ್ರಮ ಇನ್ನೊಂದು ಅಪಾಯವನ್ನು ಹುಟ್ಟಿಸುವುದೂ ಉಂಟು. ಕಬ್ಬಿಣ ಬೇಗ ಬಂದು ತಿಂಗಳುಗಟ್ಟಲೆ ಸೈಟಿನಲ್ಲಿ ಬಿದ್ದಿದ್ದರೆ ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ. ಅದನ್ನು ನೆಲಕ್ಕೆ ತಾಗದಂತೆ ದಿಮ್ಮಿಗಳ ಮೇಲಿಟ್ಟು ಟಾರ್ಪಾಲು ಹೊದಿಸುವುದು ಸಣ್ಣ ಕೆಲಸವೇ, ಆದರೂ ಬರೆಯದಿದ್ದರೆ ಮರೆತುಹೋಗುತ್ತದೆ.

ಬರೆದ ವಾಕ್ಯ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ಮೂವರಿಗೆ ಬೇರೆ ಬೇರೆಯಾಗಿ ಅದನ್ನು ಕೊಟ್ಟು, ಇದು ಒದಗುವ ಸಾಧ್ಯತೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿ. ‘ಮಳೆ’ಗೆ ಒಬ್ಬರು ಐದು ಕೊಟ್ಟಾರು, ಇನ್ನೊಬ್ಬರು ಎರಡು. ಒಬ್ಬರ ತಲೆಯಲ್ಲಿ ಜೂನ್ ತಿಂಗಳ ಮುಂಗಾರು, ಇನ್ನೊಬ್ಬರ ತಲೆಯಲ್ಲಿ ಮೇ ತಿಂಗಳ ಗುಡುಗು ಮಳೆ. ಬಿಲ್ಲಿನ ವಾಕ್ಯಕ್ಕಾದರೆ ಅಂಕಗಳು ಹತ್ತಿರ ಹತ್ತಿರ ಬರುತ್ತವೆ. ದೂರ ದೂರ ಬಂದರೆ ಅಂಕಗಳ ಬಗ್ಗೆ ವಾದ ಹೂಡದೆ ವಾಕ್ಯವನ್ನೇ ತಿದ್ದಬೇಕು.

ಹೀಗೆಲ್ಲ ಬರೆದರೂ ಕೆಲವು ಅಪಾಯಗಳು ಉಳಿದೇ ಉಳಿಯುತ್ತವೆ. ಸ್ಲ್ಯಾಬ್ ಹಾಕುವ ದಿನವೇ ಗುಡುಗು ಮಳೆ ಸುರಿದರೆ ಹಸಿ ಕಾಂಕ್ರೀಟಿನ ಮೇಲ್ಪದರದ ಸಿಮೆಂಟ್ ತೊಳೆದುಹೋಗುತ್ತದೆ. ಟಾರ್ಪಾಲು ಸಿದ್ಧವಿಟ್ಟು, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ದಿನ ಗೊತ್ತುಮಾಡಬಹುದು, ಅಷ್ಟೇ. ಅದನ್ನೂ ಪ್ರತ್ಯೇಕ ಸಾಲಾಗಿ, ಉಳಿದ ಅಪಾಯ ಎಂದೇ ಬರೆದಿಡುವುದು ಪ್ರಾಮಾಣಿಕತೆ. ಇನ್ನು, ಮಾರ್ಚ್ 31 ದಾಟಿಯೂ ಬಿಲ್ಲು ಪಾಸಾಗಿಲ್ಲವೆಂದರೆ ಆಗಬಹುದಾಗಿದ್ದದ್ದು ಆಗಿಯೇ ಹೋಗಿದೆ. ಆ ಸಾಲನ್ನು ಅಪಾಯಗಳ ಪಟ್ಟಿಯಿಂದ ತೆಗೆದು, ಬಗೆಹರಿಸಬೇಕಾದ ಸಮಸ್ಯೆಗಳ ಪಟ್ಟಿಗೆ ಸೇರಿಸಬೇಕು.

ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿಯಲ್ಲೋ ಯಾವುದಾದರೂ ಕಟ್ಟಡ ಸಮಿತಿಯಲ್ಲೋ ನೀವಿದ್ದರೆ, ಮಾರ್ಚ್ ಮೊದಲ ವಾರದ ಸಭೆಯಲ್ಲಿ ಮಳೆಯ ಮಾತು ಬಿಟ್ಟು, ಎಂ.ಬಿ. ಬರೆದಾಯಿತೇ, ಯಾವ ತಾರೀಖಿಗೆ, ಯಾರು ಬರೆದರು ಎಂದು ಕೇಳಿ. ಉತ್ತರವನ್ನು ನಿಮ್ಮೆದುರೇ ರಿಜಿಸ್ಟರಿನಲ್ಲಿ ಬರೆಸಿ.