ಕ್ಯಾಮೆರಾ ಪಕ್ಕ ಯಾರಿದ್ದರು?

ಔರಾದ್‌ನ ಸೋಯಾ ಹೊಲದಲ್ಲಿ ನಿಂತು ನಮ್ಮ ಹುಡುಗನೊಬ್ಬ ಮಳೆಹಾನಿಯ ವರದಿ ಕಳಿಸಿದ್ದ. ಬೀದರ್‌ನಲ್ಲಿ ಟಿವಿ ಮುಂದೆ ಕೂತಿದ್ದ ನಮ್ಮವ್ವ ಕೇಳಿದ್ದು ಒಂದೇ ಮಾತು: "ಆ ಹುಡುಗ ನನ್ನ ಕೂಡ ಮಾತಾಡಲತ್ತಿಲ್ಲಲ್ಲ, ಬಾಜೂಕ ಯಾರಿಗಿ ನೋಡಲತ್ತಾನ?"

ಬಾಜೂಕ ಯಾರೂ ಇರಲಿಲ್ಲ. ಅವನು ಮೊಬೈಲ್‌ನ ಟೆಲಿಪ್ರಾಂಪ್ಟರ್ ಆ್ಯಪ್ ನೋಡಿ ಓದ್ತಿದ್ದ, ಅಷ್ಟೇ. ನೋಡಿ, ಸ್ಟುಡಿಯೋದಲ್ಲಿ ನನ್ನ ಕ್ಯಾಮೆರಾ ಎದುರಿಗೇ ಓರೆಯಾಗಿ ಒಂದು ಗಾಜು ಇರುತ್ತೆ. ಅಕ್ಷರ ಅದರಲ್ಲಿ ಪ್ರತಿಫಲಿಸುತ್ತೆ, ಲೆನ್ಸ್ ಅದರ ಹಿಂದೆಯೇ ಇರುತ್ತೆ. ಓದಿದರೂ ನಿಮ್ಮನ್ನೇ ನೋಡಿದ ಹಾಗೆ. ಮೊಬೈಲ್‌ನಲ್ಲಿ ಆ ಸೌಕರ್ಯ ಇಲ್ಲ. ಟಿವಿಗೆ ಬೇಕು ಅಂತ ಫೋನ್ ಅಡ್ಡ ಹಿಡಿದರೆ ಲೆನ್ಸ್ ಒಂದು ತುದಿಗೆ ಹೋಗುತ್ತೆ, ಅಕ್ಷರ ಪರದೆಯ ತುಂಬಾ ಹರಡಿಕೊಳ್ಳುತ್ತೆ.

ಎಂಜಿನಿಯರಿಂಗ್ ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ. ಪರದೆ ಸುಮಾರು 15 ಸೆಂಟಿಮೀಟರ್ ಉದ್ದ. ಅರ್ಧ ಮೀಟರ್ ದೂರದಿಂದ ಓದಿದರೆ ಸಾಲಿನ ಕೊನೆಗೆ ಕಣ್ಣು ಲೆನ್ಸ್‌ನಿಂದ ಸುಮಾರು 17 ಡಿಗ್ರಿ ಜಾರುತ್ತೆ. ಇದು ಯಾರಿಗಾದರೂ ಕಾಣುತ್ತೆ. ಅದೇ ಅಕ್ಷರಗಳನ್ನು ಲೆನ್ಸ್ ಪಕ್ಕದ 5 ಸೆಂಟಿಮೀಟರ್ ಪಟ್ಟಿಗೆ ಸರಿಸಿ, ಫೋನನ್ನು ಸ್ಟ್ಯಾಂಡಿಗೆ ಹಾಕಿ ನಾಲ್ಕು ಅಡಿ ಹಿಂದೆ ನಿಂತರೆ ಎರಡು ಮೂರು ಡಿಗ್ರಿ ಮಾತ್ರ. ಆದರೆ ಅಷ್ಟು ದೂರ ಹೋದರೆ ಫೋನಿನ ಮೈಕ್ ಗಾಳಿಯನ್ನೇ ಜಾಸ್ತಿ ಹಿಡಿಯುತ್ತೆ, ಕಾಲರ್ ಮೈಕ್ ಬೇಕೇ ಬೇಕು.

ಮರುದಿನ ಭಾಲ್ಕಿಯಲ್ಲಿ ಸಿಕ್ಕಾಗ ಇದನ್ನೆಲ್ಲ ಮಾಡಿಸಿದೆ. ಕಣ್ಣು ಸರಿಹೋಯಿತು, ದನಿ ಹೋಗಲಿಲ್ಲ! ಕಾರಣ ಸ್ಕ್ರಿಪ್ಟ್‌ನಲ್ಲಿತ್ತು: "ಕಟಾವಿಗೆ ಬಂದಿದ್ದ ಸೋಯಾ ಬೆಳೆ ಭಾರಿ ಮಳೆಯಿಂದಾಗಿ ಜಲಾವೃತಗೊಂಡು ರೈತರು ಸಂಕಷ್ಟಕ್ಕೊಳಗಾಗಿದ್ದಾರೆ."

ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅದು ಪರದೆ ಮೇಲೆ ಬರುವ ತನಕ ಓದುವವನಿಗೇ ವಾಕ್ಯ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿರಲ್ಲ, ಹಾಗಾಗಿ ದನಿ ಒಂದೇ ಮಟ್ಟದಲ್ಲಿ ಎಳೆಯುತ್ತೆ. ಜೊತೆಗೆ ದೂರದಿಂದ ಕಾಣಲಿ ಅಂತ ಅಕ್ಷರ ದೊಡ್ಡದು ಮಾಡಿದ್ದೆವು. 'ಸಂಕಷ್ಟಕ್ಕೊಳಗಾಗಿದ್ದಾರೆ' ಆ ಸಣ್ಣ ಪಟ್ಟಿಯಲ್ಲಿ ಹಿಡಿಸದೆ ಎರಡು ತುಂಡಾಯಿತು. ಅವನು ಅಲ್ಲೇ ಎಡವಿದ.

ಹಾಗಾದರೆ ಏನು ಮಾಡೋದು? ಮಾತನ್ನೇ ಒಡೆದೆವು: "ಸೋಯಾ ಕಟಾವಿಗೆ ಬಂದಿತ್ತು. ಅಷ್ಟರಲ್ಲಿ ಮಳೆ ಬಂತು. ಈಗ ನೋಡಿ, ಹೊಲದಲ್ಲಿ ನೀರು ನಿಂತಿದೆ." ಒಂದೊಂದು ವಾಕ್ಯಕ್ಕೆ ಎರಡೋ ಮೂರೋ ಸಾಲು. ನಾಲ್ಕೈದು ಸಾಲು ಒಟ್ಟಿಗೆ ಕಾಣುವ ಹಾಗೆ ಇಟ್ಟು, ಮೇಲಿಂದ ಎರಡನೆಯ ಸಾಲನ್ನು ಓದೋದು. ಕ್ರಿಯಾಪದ ಮೊದಲೇ ಕಣ್ಣಿಗೆ ಬಿದ್ದಿರುತ್ತೆ. ವಾಕ್ಯ ಮುಗಿದಲ್ಲಿ ಒಂದು ಖಾಲಿ ಸಾಲು, ಉಸಿರಿಗೆ. "ಈಗ ನೋಡಿ" ಅಂದಾಗ ಪರದೆ ಬಿಟ್ಟು ನಿಜವಾಗಿಯೂ ಹೊಲದ ಕಡೆ ತಿರುಗು ಅಂದೆ.

ವೇಗ ಹೊಂದಿಸಲು ಮೂರು ಸಲ ಓದಿಸಿದೆ. ಅಕ್ಷರ ಮುಂದೆ ಓಡಿದರೆ ಅವನು ರೆಪ್ಪೆ ಹೊಡೆಯೋದನ್ನೇ ಮರೀತಿದ್ದ. ಆಮೇಲೆ ವಿಡಿಯೋವನ್ನು ಸದ್ದಿಲ್ಲದೆ ಹಾಕಿ ಕಣ್ಣು ಮಾತ್ರ ನೋಡಿದೆವು. ಓದೋದು ಅಲ್ಲೇ ಸಿಕ್ಕಿಬೀಳುತ್ತೆ.

ಆ ವರದಿ ಬಂದ ರಾತ್ರಿ ಅವ್ವ ಹುಡುಗನ ಬಗ್ಗೆ ಏನೂ ಅನ್ನಲಿಲ್ಲ. "ಅವರಿಗಿ ಪರಿಹಾರ ಯಾವಾಗ ಕೊಡ್ತಾರಂತ?" ಅಂದಳು.