ಬಲಗೈಗೆ ಪ್ಲಾಸ್ಟರ್, ಸೋಮವಾರ ಪರೀಕ್ಷೆ

ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಸ್ಕೂಟರ್‌ನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು ಎನ್ನಿ. ಮೊದಲ ಪತ್ರಿಕೆಗೆ ಆರೇ ದಿನ. ಪರೀಕ್ಷಾ ವಿಭಾಗಕ್ಕೆ ಆಕೆ ಬರೆಯುವ ಇಮೇಲ್‌ನಲ್ಲಿ ಅಪಘಾತದ ಕತೆ ಒಂದು ಸಾಲಿಗಿಂತ ಹೆಚ್ಚು ಬೇಕಿಲ್ಲ. ವಿಷಯದ ಸಾಲಿನಲ್ಲೇ ರಿಜಿಸ್ಟರ್ ನಂಬರ್, ಸೆಮಿಸ್ಟರ್, ಪರೀಕ್ಷಾ ಕೇಂದ್ರ, ಮೊದಲ ಪತ್ರಿಕೆಯ ದಿನಾಂಕ ಇರಬೇಕು. ನೂರಾರು ಇಮೇಲ್ ನೋಡುವ ಗುಮಾಸ್ತರು ಹುಡುಕುವುದು ಅದನ್ನೇ.

‘ನಾನು ಬರೆಯುವುದು ಬಲಗೈಯಲ್ಲಿ. ಅದೇ ಕೈ ಮುರಿದಿದೆ. ಲಿಪಿಕಾರರ ನೆರವಿಗೆ ಅನುಮತಿ ಕೊಡಬೇಕಾಗಿ ಕೋರುತ್ತೇನೆ.’ ಇಷ್ಟು ಸಾಕು.

ಅರ್ಜಿ ಸಾಮಾನ್ಯವಾಗಿ ಎಡವುವುದು ವೈದ್ಯರ ಚೀಟಿಯಲ್ಲಿ. ‘ಮೂಳೆ ಮುರಿದಿದೆ, ವಿಶ್ರಾಂತಿ ಬೇಕು’ ಎಂದಷ್ಟೇ ಇದ್ದರೆ ಯಾವ ಕೈ, ಎಷ್ಟು ದಿನ ಎಂಬುದು ತಿಳಿಯದು. ಇಂಥ ದಿನಾಂಕದವರೆಗೆ ಬಲಗೈಯಲ್ಲಿ ಬರೆಯಲಾಗದು ಎಂಬ ಮಾತು, ಸಹಿ, ಮೊಹರು, ನೋಂದಣಿ ಸಂಖ್ಯೆ ಇರಲಿ. ಪ್ರವೇಶಪತ್ರವನ್ನೂ ಜೊತೆಗಿಟ್ಟು, ಪ್ರಾಂಶುಪಾಲರ ಮೂಲಕವೇ ಕಳಿಸಿದರೆ ಓಡಾಟ ಕಡಿಮೆ.

ಲಿಪಿಕಾರರನ್ನು ಕಚೇರಿಯೇ ಕೊಡುತ್ತದೋ, ತಾವೇ ಕರೆತರಬೇಕೋ ಎಂದು ಇಮೇಲ್‌ನಲ್ಲೇ ಕೇಳಬೇಕು. ಕರೆತರುವುದಾದರೆ ಓದಿನಲ್ಲಿ ಅಭ್ಯರ್ಥಿಗಿಂತ ಕೆಳಗಿನವರಾಗಿರಬೇಕೆಂಬುದು ಸಾಮಾನ್ಯ ಷರತ್ತು. ಆದ್ದರಿಂದ ಅವರ ಗುರುತಿನ ಚೀಟಿ, ಅಂಕಪಟ್ಟಿಯೂ ಬೇಕಾಗುತ್ತವೆ. ಹೆಚ್ಚುವರಿ ಸಮಯವನ್ನು ಪ್ರತ್ಯೇಕವಾಗಿ ಕೋರಬೇಕು. ಅಂಗವಿಕಲ ಅಭ್ಯರ್ಥಿಗಳಿಗೆ ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಕೊಡುತ್ತದೆ. ತಾತ್ಕಾಲಿಕ ಗಾಯಕ್ಕೂ ಅದು ತಾನಾಗಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ.

ಅನುಮತಿ ಬಂದ ಮೇಲೆ ಒಂದು ಸಂಜೆ ಇಬ್ಬರೂ ಕೂತು ಅಭ್ಯಾಸ ಮಾಡಲಿ. ಲೆಕ್ಕಶಾಸ್ತ್ರದ ಪತ್ರಿಕೆಯಲ್ಲಿ ಯಾವ ಮೊತ್ತ ಡೆಬಿಟ್‌ಗೆ, ಯಾವುದು ಕ್ರೆಡಿಟ್‌ಗೆ ಎಂದು ಪ್ರತಿ ಸಾಲನ್ನೂ ಆಕೆಯೇ ಹೇಳಬೇಕು. ಲಿಪಿಕಾರರು ಹೇಳಿದ್ದನ್ನಷ್ಟೇ ಬರೆಯುತ್ತಾರೆ, ತಪ್ಪನ್ನೂ ಸೇರಿಸಿ.